ಟೈಲ್ಸ್, ಗಾಜು, ಅಲ್ಯೂಮಿನಿಯಂ ಮೇಲಿನ ಬಣ್ಣದ ಹನಿ ಎಬ್ಬಿಸುವ ಬಗೆ

ಮನೆಗೆ ಬಣ್ಣ ಹೊಡೆಸಿದ ಮೇಲೆ ನೆಲ, ಕಿಟಕಿ, ಚೌಕಟ್ಟುಗಳ ಮೇಲೆ ಉಳಿಯುವ ಕಲೆಗಳು ಎಲ್ಲವೂ ಒಂದೇ ಜಾತಿಯವಲ್ಲ. ಸೀಲಿಂಗ್‌ಗೆ ರೋಲರ್ ಆಡಿಸುವಾಗ ಸಿಡಿದ ಸಾಸಿವೆ ಕಾಳಿನಷ್ಟು ಸಣ್ಣ ಚುಕ್ಕೆಗಳು ನೆಲದ ತುಂಬ ಹರಡಿರುತ್ತವೆ. ಗೋಡೆಯ ಬುಡದಲ್ಲಿ, ಬಕೆಟ್ ಇಟ್ಟಿದ್ದ ಜಾಗದಲ್ಲಿ ನಾಣ್ಯದಗಲದ ಹನಿಗಳು ಬಿದ್ದಿರುತ್ತವೆ. ಕಿಟಕಿಯ ಗ್ರಿಲ್‌ಗೆ ಹೊಡೆದ ಎನಾಮೆಲ್ ಗಾಜಿನ ಅಂಚಿಗೆ ತಾಗಿರುತ್ತದೆ. ಇವೆಲ್ಲದರ ನಡುವೆ ಬಣ್ಣವೇ ಅಲ್ಲದ ಇನ್ನೊಂದು ಕಲೆಯಿರುತ್ತದೆ, ಅದು ಪುಟ್ಟಿ. ಬಣ್ಣ ಹೊಡೆಯುವುದಕ್ಕೆ ಮುಂಚೆ ಗೋಡೆ ಸಮ ಮಾಡಲು ಬಳಿದ ಬಿಳಿ ಸಿಮೆಂಟಿನ ಆ ಮಿಶ್ರಣ ಟ್ರ್ಯಾಕ್‌ಗಳ ಮೂಲೆಯಲ್ಲಿ ಕಲ್ಲಿನಂತೆ ಕೂತಿರುತ್ತದೆ.

ಇವುಗಳನ್ನು ತೆಗೆಯಲು ಹೆಚ್ಚಿನ ಮನೆಗಳಲ್ಲಿ ಮೊದಲು ಕೈ ಹೋಗುವುದು ಪೇಂಟರ್ ಬಿಟ್ಟುಹೋದ ಥಿನ್ನರ್ ಡಬ್ಬಿಯ ಕಡೆಗೆ. ಅದರಿಂದಲೂ ಆಗದಿದ್ದರೆ ಆಸಿಡ್ ಬಾಟಲಿ ಬರುತ್ತದೆ. ಈ ಕ್ರಮ ತಲೆಕೆಳಗು. ಟೈಲ್ಸ್, ಗಾಜು, ಅಲ್ಯೂಮಿನಿಯಂ ಮೂರೂ ನಯವಾದ, ನೀರು ಹೀರದ ಮೇಲ್ಮೈಗಳು. ಗೋಡೆಯ ಬಣ್ಣ ಗೋಡೆಯನ್ನು ಹಿಡಿಯುವಷ್ಟು ಗಟ್ಟಿಯಾಗಿ ಇವನ್ನು ಹಿಡಿಯುವುದೇ ಇಲ್ಲ. ಒಣಗಿದ ಹನಿ ಇವುಗಳ ಮೇಲೆ ಒಂದು ತೆಳು ಪ್ಲಾಸ್ಟಿಕ್ ಹಾಳೆಯಂತೆ ಸುಮ್ಮನೆ ಅಂಟಿಕೊಂಡಿರುತ್ತದೆ. ಆ ಹಾಳೆಯನ್ನು ಇಡಿಯಾಗಿ ಎಬ್ಬಿಸಿದರೆ ಕೆಳಗೆ ಕಲೆ ಉಳಿಯುವುದಿಲ್ಲ. ಅದನ್ನೇ ಥಿನ್ನರ್ ಸುರಿದು ಕರಗಿಸಿದರೆ ಅದು ಮತ್ತೆ ದ್ರವವಾಗಿ ಹರಿಯುತ್ತದೆ. ಟೈಲ್ಸ್‌ಗಳ ನಡುವಿನ ಸಂದಿಗೆ, ಪಾಲಿಷ್ ಟೈಲ್‌ನ ಕಣ್ಣಿಗೆ ಕಾಣದ ರಂಧ್ರಗಳಿಗೆ, ಕಿಟಕಿಯ ರಬ್ಬರಿನ ಸಂದಿಗೆ ಇಳಿದು ಅಲ್ಲಿ ಮತ್ತೆ ಒಣಗುತ್ತದೆ. ನಾಣ್ಯದಗಲದ ಹನಿ ಅಂಗೈಯಗಲದ ಮಬ್ಬಾಗುವುದು ಹೀಗೆ. ಆದ್ದರಿಂದ ಈ ಕೆಲಸದಲ್ಲಿ ಎಬ್ಬಿಸುವುದು ಮುಖ್ಯ. ಕರಗಿಸುವುದು ಕೊನೆಗೆ ಉಳಿದ ಅಂಚಿಗೆ ಮಾತ್ರ.

ಎಬ್ಬಿಸಲು ಯಾವುದು ಬೇಕು ಎಂಬುದು ಬಣ್ಣ ಯಾವುದು ಎಂಬುದರ ಮೇಲೆ ನಿಂತಿದೆ. ಒಳಗೋಡೆಗೆ ಇಂದು ಹೆಚ್ಚಾಗಿ ಹೊಡೆಯುವುದು ನೀರಿನಲ್ಲಿ ಕಲಸುವ ಎಮಲ್ಷನ್. ಅದರಲ್ಲಿ ಅಕ್ರಿಲಿಕ್‌ನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಆ ಕಣಗಳು ಒಂದಕ್ಕೊಂದು ಒತ್ತಿ ಬೆಸೆದುಕೊಂಡು ಒಂದೇ ಪದರವಾಗುತ್ತವೆ. ಒಮ್ಮೆ ಬೆಸೆದುಕೊಂಡ ಮೇಲೆ ನೀರಿನಲ್ಲಿ ಅದು ಕರಗುವುದಿಲ್ಲ, ಆದರೆ ನೀರು ಕುಡಿದು ಮೆದುವಾಗುತ್ತದೆ, ಉಬ್ಬುತ್ತದೆ. ಕೆಲಸಕ್ಕೆ ಬರುವುದು ಈ ಗುಣವೇ. ಬಾಗಿಲು, ಗ್ರಿಲ್‌ಗಳಿಗೆ ಹೊಡೆಯುವ ಎನಾಮೆಲ್, ಅಂದರೆ ಆಯಿಲ್ ಪೇಂಟ್, ಒಣಗುವ ಬಗೆ ಬೇರೆ. ಅದರೊಳಗಿನ ಟರ್ಪೆಂಟೈನ್ ಆರಿದ ಮೇಲೆ ಉಳಿದ ಎಣ್ಣೆಯ ಅಂಶ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ, ವಾರಗಟ್ಟಲೆ ಗಟ್ಟಿಯಾಗುತ್ತಲೇ ಹೋಗುತ್ತದೆ. ಹಸಿಯಿದ್ದಾಗ ಟರ್ಪೆಂಟೈನ್ ಅದ್ದಿದ ಬಟ್ಟೆಗೆ ಸುಲಭವಾಗಿ ಬರುವ ಎನಾಮೆಲ್, ಮೂರು ದಿನ ಬಿಟ್ಟರೆ ಅದೇ ಟರ್ಪೆಂಟೈನ್‌ಗೆ ಜಗ್ಗದಿರುವುದು ಇದರಿಂದಲೇ. ಹಳೆಯ ಮನೆಗಳಲ್ಲಿ ಇನ್ನೂ ಬಳಸುವ ಡಿಸ್ಟೆಂಪರ್ ಮಾತ್ರ ಎಲ್ಲಕ್ಕಿಂತ ಸುಲಭ. ಅದರಲ್ಲಿ ಸುಣ್ಣದ ಕಲ್ಲಿನ ಪುಡಿಯೇ ಹೆಚ್ಚು, ಹಿಡಿತ ಕಡಿಮೆ. ಒದ್ದೆ ಬಟ್ಟೆಗೆ ಬಂದುಬಿಡುತ್ತದೆ.

ಹನಿ ಯಾವುದೆಂದು ಪೇಂಟರ್‌ನನ್ನು ಕೇಳಲಾಗದಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಹನಿಯ ಮೇಲೆ ಅರ್ಧ ನಿಮಿಷ ಉಜ್ಜಬೇಕು. ಹನಿ ಜಿಗುಟಾಗಿ ಹತ್ತಿಗೆ ಬಣ್ಣ ಹತ್ತಿದರೆ ಅದು ಎಮಲ್ಷನ್. ಹನಿ ಹೊಳೆಯುತ್ತಲೇ ಉಳಿದು ಹತ್ತಿ ಬೆಳ್ಳಗೇ ಇದ್ದರೆ ಎನಾಮೆಲ್. ಹೀಗೆ ಮೆದುವಾಗುವ ಗುಣ ಮುಂದಿನ ಕೆಲಸಕ್ಕೂ ಬೇಕಾಗುತ್ತದೆ. ಥಿನ್ನರ್‌ಗಿಂತ ಎಷ್ಟೋ ಸೌಮ್ಯವಾದ ಸ್ಪಿರಿಟ್ ಎಮಲ್ಷನ್ ಕಲೆಗಳಿಗೆ ಸಾಕಾಗುತ್ತದೆ.

ಒಂದು ಹಾಲನ್ನು ಮುಂದಿಟ್ಟುಕೊಂಡು ಕೆಲಸ ಹೇಗೆ ಸಾಗಬೇಕು ಎಂದು ನೋಡಬಹುದು. ಎರಡಡಿ ಚೌಕದ ತಿಳಿ ಬಣ್ಣದ ವಿಟ್ರಿಫೈಡ್ ಟೈಲ್ಸ್, ಆರಡಿ ಅಗಲದ ಸ್ಲೈಡಿಂಗ್ ಕಿಟಕಿ, ಅದಕ್ಕೆ ಬಿಳಿ ಪೌಡರ್ ಕೋಟಿಂಗ್ ಇರುವ ಅಲ್ಯೂಮಿನಿಯಂ ಚೌಕಟ್ಟು. ಗೋಡೆಗೆ ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್ ಆಗಿದೆ, ಗ್ರಿಲ್‌ಗೆ ಕಪ್ಪು ಎನಾಮೆಲ್. ಪೇಂಟರ್ ಹೋಗಿ ಎರಡು ದಿನವಾಗಿದೆ. ಬೇಕಾಗುವ ಸಾಮಾನು ಕಡಿಮೆ. ಎರಡು ಬಕೆಟ್, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಬನಿಯನ್ ಬಟ್ಟೆಗಳು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬ್ಲೇಡ್ ಹಾಕುವ ಸ್ಕ್ರೇಪರ್, ಅದಕ್ಕೆ ನಾಲ್ಕೈದು ಹೊಸ ಬ್ಲೇಡ್, ಅವಧಿ ಮುಗಿದ ಒಂದು ಪ್ಲಾಸ್ಟಿಕ್ ಕಾರ್ಡ್, ಹಳೆಯ ಟೂತ್‌ಬ್ರಷ್, ಸ್ವಲ್ಪ ಸ್ಪಿರಿಟ್ ಮತ್ತು ಟರ್ಪೆಂಟೈನ್.

ಮೊದಲ ಕೆಲಸ ಧೂಳು ತೆಗೆಯುವುದು. ಇದನ್ನು ಹಗುರವಾಗಿ ತೆಗೆದುಕೊಂಡ ಮನೆಗಳಲ್ಲೇ ನೆಲ ಗೀರಾಗುತ್ತದೆ. ಹೊಸ ಬ್ಲೇಡಿನಿಂದ ಗೀರು ಬಿತ್ತು ಎಂದು ಜನ ಹೇಳುವ ಎಷ್ಟೋ ಸಲ ಗೀರಿದ್ದು ಬ್ಲೇಡ್ ಅಲ್ಲ, ಅದರ ಕೆಳಗೆ ಸಿಕ್ಕಿದ ಮರಳಿನ ಕಣ. ಮರಳಿನಲ್ಲಿರುವ ಕ್ವಾರ್ಟ್ಜ್ ಗಾಜಿಗಿಂತ ಗಟ್ಟಿ, ಟೈಲ್‌ನ ಹೊಳಪಿನ ಮೇಲ್ಮೈಯನ್ನೂ ಅದು ಗೀಚಬಲ್ಲದು. ಗೋಡೆ ಉಜ್ಜಿದಾಗ ಬಿದ್ದ ಪುಟ್ಟಿ ಧೂಳಿನ ಜೊತೆ ಹೊರಗಿನಿಂದ ಚಪ್ಪಲಿಯಲ್ಲಿ ಬಂದ ಮರಳೂ ಸ್ಯಾಂಡ್ ಪೇಪರಿನಿಂದ ಉದುರಿದ ಕಣಗಳೂ ನೆಲದ ಮೇಲಿರುತ್ತವೆ. ಮೆತ್ತನೆಯ ಪೊರಕೆಯಿಂದ ಗುಡಿಸಿ, ಆಮೇಲೆ ಒದ್ದೆ ಬಟ್ಟೆಯಿಂದ ಎರಡು ಸಲ ನೀರು ಬದಲಿಸಿ ಒರೆಸಬೇಕು. ಎರಡನೆಯ ಸಲದ ನೀರು ಮಜ್ಜಿಗೆಯಷ್ಟು ಬೆಳ್ಳಗಿದ್ದರೆ ಮೂರನೆಯ ಸಲ ಒರೆಸಬೇಕು. ಕಿಟಕಿಗೂ ಇದೇ ಮಾತು. ಗಾಜಿಗೆ ಬ್ಲೇಡ್ ತಾಗಿಸುವ ಮುನ್ನ ನೀರು ಸುರಿದು ಧೂಳು ಇಳಿಸಬೇಕು.

ಎರಡನೆಯದು ನೆನೆಸುವುದು. ಕೈಗೆ ತಾಳುವಷ್ಟು ಬಿಸಿಯಿರುವ ಒಂದು ಬಕೆಟ್ ನೀರಿಗೆ ಎರಡು ಚಮಚ ಲಿಕ್ವಿಡ್ ಸಾಕು. ಬಟ್ಟೆಗಳನ್ನು ಅದರಲ್ಲಿ ಅದ್ದಿ ಹೆಚ್ಚು ಹಿಂಡದೆ ಹನಿಗಳ ಮೇಲೆ ಹಾಸಿಬಿಡಬೇಕು. ನೀರು ಸುಮ್ಮನೆ ಚೆಲ್ಲಿದರೆ ಹರಿದುಹೋಗುತ್ತದೆ ಅಥವಾ ಆರುತ್ತದೆ. ಬಟ್ಟೆ ಇದ್ದರೆ ನೀರು ಹನಿಯ ಮೇಲೇ ನಿಲ್ಲುತ್ತದೆ. ಹದಿನೈದರಿಂದ ಇಪ್ಪತ್ತು ನಿಮಿಷ ಹೀಗೆ ಬಿಡಬೇಕು. ಹಾಲಿನ ಒಂದು ಮೂಲೆಯಲ್ಲಿ ಬಟ್ಟೆ ಹಾಸಿ, ಇನ್ನೊಂದು ಮೂಲೆಯಲ್ಲಿ ನೆನೆದದ್ದನ್ನು ಕೆರೆಯುತ್ತ ಹೋದರೆ ಕಾಯುವ ಸಮಯ ವ್ಯರ್ಥವಾಗುವುದಿಲ್ಲ. ನೆನೆದ ಹನಿಯನ್ನು ಹತ್ತಿರದಿಂದ ನೋಡಿದರೆ ಗುರುತು ಸಿಗುತ್ತದೆ. ಒಣಗಿದ್ದಾಗ ಟೈಲ್‌ಗೆ ಸಮವಾಗಿ ಕೂತಿದ್ದ ಅಂಚು ಸ್ವಲ್ಪ ಸುಕ್ಕಾಗಿ ಮೇಲೆದ್ದಿರುತ್ತದೆ, ಉಗುರು ಆಡಿಸಿದರೆ ಇಡೀ ಹನಿ ಜಾರುತ್ತದೆ. ಉಗುರಿಗೆ ಬರೀ ಪುಡಿ ಬಂದರೆ ಇನ್ನೂ ನೆನೆದಿಲ್ಲ ಎಂದರ್ಥ. ಮತ್ತೆ ಬಟ್ಟೆ ಹಾಸಬೇಕೇ ಹೊರತು ಬಲ ಹಾಕಬಾರದು.

ಸಾಸಿವೆ ಚುಕ್ಕೆಗಳು ಈ ಹಂತದಲ್ಲಿ ಪ್ಲಾಸ್ಟಿಕ್ ಕಾರ್ಡಿಗೇ ಬರುತ್ತವೆ. ದಪ್ಪ ಹನಿಗಳಿಗೆ ಬ್ಲೇಡ್ ಬೇಕು. ಬ್ಲೇಡನ್ನು ನೆಲಕ್ಕೆ ಸುಮಾರು ಮೂವತ್ತು ಡಿಗ್ರಿ ಓರೆಯಲ್ಲಿ, ಅಂದರೆ ಹೆಚ್ಚೂ ಕಡಿಮೆ ಮಲಗಿಸಿಯೇ ಹಿಡಿದು, ಹನಿಯ ಅಂಚಿನ ಕೆಳಗೆ ತೂರಿಸಿ ಮುಂದಕ್ಕೆ ಮಾತ್ರ ತಳ್ಳಬೇಕು. ಹಿಂದಕ್ಕೆ ಎಳೆಯಬಾರದು. ಎಳೆದಾಗ ಕಿತ್ತುಬಂದ ಪುಟ್ಟಿ ಚೂರು ಬ್ಲೇಡಿನ ಹಿಂಬದಿಗೆ ಸಿಕ್ಕಿ ಉದ್ದಕ್ಕೂ ಗೀಚುತ್ತದೆ. ಪ್ರತಿ ತಳ್ಳುವಿಕೆಯ ಮೇಲೆ ಬ್ಲೇಡನ್ನು ಎತ್ತಿ ಬಟ್ಟೆಗೆ ಒರೆಸಿ ಮತ್ತೆ ಇಡಬೇಕು. ಜಾಗ ಯಾವಾಗಲೂ ಸೋಪಿನ ನೀರಿನಿಂದ ಒದ್ದೆಯಿರಬೇಕು. ಬ್ಲೇಡಿನ ಮೂಲೆ ಸವೆದರೆ, ತುಕ್ಕಿನ ಚುಕ್ಕೆ ಕಂಡರೆ ಆ ಕ್ಷಣವೇ ಬದಲಿಸಬೇಕು. ಹತ್ತಿಪ್ಪತ್ತು ರೂಪಾಯಿಯ ಬ್ಲೇಡಿನಲ್ಲಿ ಜಿಪುಣತನ ಮಾಡಿದರೆ ಹಾಳಾಗುವುದು ಕಿತ್ತು ಬದಲಿಸಬೇಕಾದ ಟೈಲ್.

ಹೊಳಪಿಲ್ಲದ, ಸ್ವಲ್ಪ ತರಕಲಾಗಿರುವ ಮ್ಯಾಟ್ ಟೈಲ್ಸ್ ಮೇಲೆ ಈ ಬ್ಲೇಡ್ ಬಳಸಬಾರದು. ಅವುಗಳ ಒರಟಿಗೆ ಉಕ್ಕೇ ಸವೆದು ಬೂದು ಬಣ್ಣದ ಗೆರೆಗಳು ಮೂಡುತ್ತವೆ. ನೋಡಲು ಗೀರಿನಂತಿದ್ದರೂ ಅದು ಟೈಲ್‌ಗೆ ಹತ್ತಿದ ಲೋಹ. ಬಾತ್‌ರೂಮಿನ ನೆಲ, ಬಾಲ್ಕನಿಯ ಟೈಲ್ಸ್ ಹೆಚ್ಚಾಗಿ ಈ ಜಾತಿಯವು. ಅಲ್ಲಿ ನೆನೆಸುವ ಸಮಯವನ್ನು ಇಮ್ಮಡಿ ಮಾಡಿ ನೈಲಾನ್ ಬ್ರಷ್‌ನಿಂದ ಉಜ್ಜುವುದೇ ದಾರಿ. ಪಾತ್ರೆ ತಿಕ್ಕುವ ಉಕ್ಕಿನ ನಾರು ಯಾವ ಟೈಲ್‌ಗೂ ಸಲ್ಲದು.

ಹನಿ ಎದ್ದ ಮೇಲೂ ಕೆಲವು ಕಡೆ ತೆಳುವಾದ ನೆರಳಿನಂಥ ಗುರುತು ಉಳಿಯುತ್ತದೆ. ಪಾಲಿಷ್ ಮಾಡಿದ ವಿಟ್ರಿಫೈಡ್ ಟೈಲ್‌ನಲ್ಲಿ ಇದು ಸಾಮಾನ್ಯ. ಈ ಟೈಲ್ಸ್ ಹೀರುವ ನೀರು ಅವುಗಳ ತೂಕದ ಶೇ. 0.5ಕ್ಕಿಂತಲೂ ಕಡಿಮೆ. ಆದರೂ ಕಾರ್ಖಾನೆಯಲ್ಲಿ ಪಾಲಿಷ್ ಮಾಡುವಾಗ ಒಳಗಿನ ಸೂಕ್ಷ್ಮ ರಂಧ್ರಗಳ ಬಾಯಿ ತೆರೆದುಕೊಂಡಿರುತ್ತದೆ, ಕಡು ಬಣ್ಣದ ಕಣಗಳು ಅಲ್ಲಿ ಕೂರುತ್ತವೆ. ಸ್ಪಿರಿಟ್ ಅದ್ದಿದ ಬಟ್ಟೆಯನ್ನು ಆ ಗುರುತಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿದು ಹೊರಗಿನಿಂದ ಒಳಕ್ಕೆ ಒರೆಸಬೇಕು, ಬಟ್ಟೆಯ ಮಡಿಕೆ ಬದಲಿಸುತ್ತ ಇದನ್ನೇ ಮಾಡಬೇಕು. ಸ್ಪಿರಿಟನ್ನು ನೆಲಕ್ಕೆ ಸುರಿಯದೆ ಬಟ್ಟೆಗೆ ಹಾಕಬೇಕು. ಎನಾಮೆಲ್ ಹನಿಯಾದರೆ ಮೊದಲು ಬ್ಲೇಡಿನಿಂದ ಆದಷ್ಟನ್ನೂ ಎಬ್ಬಿಸಿ, ಉಳಿದದ್ದಕ್ಕೆ ಟರ್ಪೆಂಟೈನ್. ಅದಕ್ಕೂ ಬಗ್ಗದ ಹಳೆಯ ಎನಾಮೆಲ್‌ಗೆ ಮಾತ್ರ ಥಿನ್ನರ್, ಅದೂ ಟೈಲ್‌ನ ಮಧ್ಯದಲ್ಲಿದ್ದರೆ. ಸಂದಿಯ ಹತ್ತಿರ ಥಿನ್ನರ್ ಬಳಸಿದರೆ ಕರಗಿದ ಬಣ್ಣವೆಲ್ಲ ಸಂದಿಗೆ ಸೇರುತ್ತದೆ.

ಟೈಲ್ಸ್ ಸಂದಿಯ ಮಾತೇ ಬೇರೆ. ಅಲ್ಲಿರುವ ಸಿಮೆಂಟ್ ಫಿಲ್ಲರ್ ಸ್ಪಂಜಿನಂತೆ ಹೀರುತ್ತದೆ. ಸೋಪಿನ ನೀರಿನಲ್ಲಿ ನೆನೆಸಿ ಟೂತ್‌ಬ್ರಷ್‌ನಿಂದ ಉಜ್ಜಿದರೆ ಮೇಲಿನದು ಬರುತ್ತದೆ, ಇಳಿದದ್ದು ಬರುವುದಿಲ್ಲ. ಬಿಳಿ ಸಂದಿಯಲ್ಲಿ ಕಡು ಬಣ್ಣ ಎದ್ದು ಕಾಣುತ್ತಿದ್ದರೆ ಆ ಒಂದೆರಡು ಇಂಚಿನ ಫಿಲ್ಲರನ್ನು ಮೇಲ್ಪದರದಲ್ಲಿ ಕೆರೆದು ತೆಗೆದು ಹೊಸದು ತುಂಬುವುದು ರಾಸಾಯನಿಕ ಸುರಿಯುವುದಕ್ಕಿಂತ ಬೇಗ ಮುಗಿಯುವ, ಶುಚಿಯಾದ ಕೆಲಸ.

ನೆಲವಾದ ಮೇಲೆ ಕಿಟಕಿಯ ಗಾಜು. ಬಿಸಿಲು ಬೀಳುತ್ತಿರುವ ಹೊತ್ತಿನಲ್ಲಿ ಗಾಜಿನ ಕೆಲಸ ಮಾಡಿದರೆ ಸೋಪಿನ ನೀರು ನಿಮಿಷದಲ್ಲಿ ಆರುತ್ತದೆ, ಬ್ಲೇಡ್ ಒಣ ಗಾಜಿನ ಮೇಲೆ ಓಡುತ್ತದೆ. ಬೆಳಗ್ಗೆ ಬೇಗ ಅಥವಾ ನೆರಳು ಬಂದ ಮೇಲೆ ಮಾಡುವುದು ಒಳ್ಳೆಯದು. ನೆನೆಸುವುದು, ಓರೆ ಹಿಡಿಯುವುದು, ಮುಂದಕ್ಕೆ ಮಾತ್ರ ತಳ್ಳುವುದು, ಎಲ್ಲ ನೆಲದಂತೆಯೇ. ಸಾದಾ ಗಾಜಿನ ಮೇಲೆ ಎಮಲ್ಷನ್ ಅಷ್ಟೇ ಅಲ್ಲ, ಎನಾಮೆಲ್ ಕೂಡ ಹೊಸ ಬ್ಲೇಡಿಗೆ ಸುರುಳಿ ಸುರುಳಿಯಾಗಿ ಎದ್ದುಬರುತ್ತದೆ. ರಾಸಾಯನಿಕದ ಅಗತ್ಯವೇ ಬೀಳುವುದಿಲ್ಲ. ಗಾಜು ಮತ್ತು ಚೌಕಟ್ಟು ಸೇರುವ ಕಡೆ ಬಣ್ಣ ಎರಡರ ಮೇಲೂ ಹರಡಿದ್ದರೆ, ಮೊದಲು ಬ್ಲೇಡಿನ ಮೂಲೆಯಿಂದ ಗಾಜಿನ ಅಂಚಿನುದ್ದಕ್ಕೂ ಒಂದು ಗೆರೆ ಕೊಯ್ದುಕೊಳ್ಳಬೇಕು. ಇಲ್ಲದಿದ್ದರೆ ಗಾಜಿನ ಮೇಲಿನ ಪದರ ಏಳುವಾಗ ಚೌಕಟ್ಟಿನ ಪದರವನ್ನೂ ಹರಿದು ಎಳೆಯುತ್ತದೆ.

ಬ್ಲೇಡ್ ಮುಟ್ಟಿಸಬಾರದ ಗಾಜುಗಳೂ ಇವೆ. ಸನ್ ಫಿಲ್ಮ್ ಅಂಟಿಸಿದ ಮುಖದಲ್ಲಿ ಬ್ಲೇಡ್ ಆಡಿಸಿದರೆ ಫಿಲ್ಮೇ ಹರಿಯುತ್ತದೆ. ಕನ್ನಡಿಯಂತೆ ಹೊಳೆಯುವ ರಿಫ್ಲೆಕ್ಟಿವ್ ಗಾಜಿನ ಲೇಪನ ಯಾವ ಮುಖದಲ್ಲಿದೆ ಎಂದು ಕಿಟಕಿ ಮಾಡಿದವರನ್ನು ಕೇಳಿ ತಿಳಿಯದೆ ಕೆರೆಯಬಾರದು. ಬಾತ್‌ರೂಮಿನ ಮಂಜುಗಾಜಿನ ಒರಟು ಮುಖದಲ್ಲಿ ಬ್ಲೇಡ್ ಕೆಲಸ ಮಾಡುವುದೇ ಇಲ್ಲ. ಮೂಲೆಯಲ್ಲಿ ಸಣ್ಣ ಮುದ್ರೆಯಿರುವ ಟಫನ್ಡ್ ಗಾಜಿನಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಅದನ್ನು ಕುಲುಮೆಯಲ್ಲಿ ಕಾಯಿಸಿ ಹದ ಮಾಡುವಾಗ ಗಾಜಿನ ಅತಿ ಸಣ್ಣ ಕಣಗಳು ಒಂದು ಮುಖಕ್ಕೆ ಬೆಸೆದುಕೊಂಡಿರಬಹುದು. ಬ್ಲೇಡ್ ಆ ಕಣವನ್ನು ಕಿತ್ತು ಎಳೆದುಕೊಂಡು ಹೋದರೆ ಉದ್ದನೆಯ ಗೀರು ಬೀಳುತ್ತದೆ, ಅದಕ್ಕೆ ಪರಿಹಾರವಿಲ್ಲ. ಅಂಗೈ ಸವರಿದಾಗ ಗಾಜು ಸಣ್ಣಗೆ ಚುಚ್ಚಿದಂತಾದರೆ ಲೋಹದ ಬ್ಲೇಡ್ ಬಿಟ್ಟು ಪ್ಲಾಸ್ಟಿಕ್ ಕಾರ್ಡ್, ಸ್ಪಿರಿಟ್ ಬಟ್ಟೆಗಳಲ್ಲೇ ಕೆಲಸ ಮುಗಿಸಬೇಕು.

ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೆಡುವುದು ಇವೆರಡಕ್ಕಿಂತ ಸುಲಭ, ಏಕೆಂದರೆ ಅಲ್ಲಿ ಬಣ್ಣದ ಹನಿಯ ಕೆಳಗಿರುವುದೂ ಒಂದು ತೆಳು ಪದರವೇ. ಬಿಳಿ, ಕಂದು, ಮರದ ಬಣ್ಣದ ಚೌಕಟ್ಟುಗಳಿಗೆ ಪೌಡರ್ ಕೋಟಿಂಗ್ ಇರುತ್ತದೆ. ಪ್ಲಾಸ್ಟಿಕ್ ಪುಡಿಯನ್ನು ಲೋಹದ ಮೇಲೆ ಸಿಂಪಡಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸಿ ಕೂರಿಸಿದ ಪದರವದು. ಥಿನ್ನರ್ ಅದನ್ನು ಮೆದು ಮಾಡಿ ಹೊಳಪು ತೆಗೆಯುತ್ತದೆ. ಬಟ್ಟೆಗೆ ಚೌಕಟ್ಟಿನದೇ ಬಣ್ಣ ಹತ್ತತೊಡಗಿದರೆ ಕೂಡಲೇ ನಿಲ್ಲಿಸಿ ನೀರಿನಿಂದ ತೊಳೆಯಬೇಕು. ಬ್ಲೇಡೂ ಇಲ್ಲಿ ಸಲ್ಲದು. ಬೆಚ್ಚಗಿನ ಸೋಪಿನ ಬಟ್ಟೆಯನ್ನು ಚೌಕಟ್ಟಿಗೆ ಸುತ್ತಿ ಬಿಟ್ಟು, ಪ್ಲಾಸ್ಟಿಕ್ ಕಾರ್ಡ್ ಅಥವಾ ಹೆಬ್ಬೆರಳಿನ ಉಗುರಿನಿಂದ ಎಬ್ಬಿಸಿ, ಉಳಿದದ್ದಕ್ಕೆ ಸ್ಪಿರಿಟ್ ಮುಟ್ಟಿಸಿ ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮೊದಲು ಶಟರ್ ಸರಿಸಿ, ಅದು ಮುಚ್ಚುವ ಒಳಭಾಗದಲ್ಲಿ ಒಂದು ಚೂರು ಪರೀಕ್ಷಿಸಿಕೊಂಡರೆ ಹೊರಗೆ ಕಾಣುವ ಜಾಗ ಉಳಿಯುತ್ತದೆ.

ಲೋಹದ ಬಣ್ಣವೇ ಕಾಣುವ ಬೆಳ್ಳಿ ಅಥವಾ ತಾಮ್ರದ ಛಾಯೆಯ ಚೌಕಟ್ಟುಗಳು ಆನೋಡೈಸ್ ಆದವು. ಅವುಗಳ ಮೇಲಿರುವುದು ಅಲ್ಯೂಮಿನಿಯಂನದೇ ಆಕ್ಸೈಡ್ ಪದರ, ತುಂಬ ಗಟ್ಟಿ. ಟರ್ಪೆಂಟೈನ್, ಥಿನ್ನರ್ ಇದಕ್ಕೆ ಏನೂ ಮಾಡುವುದಿಲ್ಲ. ಇದನ್ನು ತಿನ್ನುವುದು ಆಮ್ಲ ಮತ್ತು ಕ್ಷಾರ. ಪುಟ್ಟಿ ಇಲ್ಲಿ ಅಪಾಯಕಾರಿಯಾಗುವುದು ಇದಕ್ಕೇ. ಬಿಳಿ ಸಿಮೆಂಟಿನ ಪುಟ್ಟಿ ಹಸಿಯಿದ್ದಾಗ ತೀಕ್ಷ್ಣ ಕ್ಷಾರವಾಗಿರುತ್ತದೆ, ಆ ಪದರವನ್ನೂ ಅದರ ಕೆಳಗಿನ ಲೋಹವನ್ನೂ ಕಚ್ಚಿ ಬಿಳಿ ಮಚ್ಚೆ ಬಿಡುತ್ತದೆ. ಪುಟ್ಟಿ ಕಿತ್ತ ಮೇಲೂ ಹೋಗದ ಮಚ್ಚೆ ಕೊಳೆಯಲ್ಲ, ಲೋಹವೇ ಸವೆದ ಗುರುತು. ಎಷ್ಟು ಉಜ್ಜಿದರೂ ಬರುವುದಿಲ್ಲ. ಗಾಜಿನ ಮೇಲೂ ಸಿಮೆಂಟಿನ ನೀರು ಬಹಳ ದಿನ ನಿಂತರೆ ಮಬ್ಬು ಹಿಡಿಯುತ್ತದೆ. ಹಾಗಾಗಿ ಬಣ್ಣದ ಹನಿ ಎರಡು ದಿನ ಕಾದರೂ ಪುಟ್ಟಿ ಮಾತ್ರ ಬಿದ್ದ ದಿನವೇ ಒದ್ದೆ ಬಟ್ಟೆಯಲ್ಲಿ ಹೋಗಬೇಕು. ಪುಟ್ಟಿ ಬಳಿಯುವ ದಿನ ಸಂಜೆ ಕಿಟಕಿಗಳನ್ನು ಒಮ್ಮೆ ಒರೆಸಿಸಿಕೊಳ್ಳುವ ಮನೆಗೆ ಆಮೇಲೆ ಅರ್ಧ ಕೆಲಸವೇ ಉಳಿಯುವುದಿಲ್ಲ. ಒಣಗಿಬಿಟ್ಟಿದ್ದರೆ ನೀರಿನಲ್ಲಿ ಚೆನ್ನಾಗಿ ನೆನೆಸಿ, ಟೈಲ್ಸ್ ಮತ್ತು ಗಾಜಿನ ಮೇಲಿನದನ್ನು ಬ್ಲೇಡಿನಿಂದ, ಚೌಕಟ್ಟಿನದನ್ನು ಪ್ಲಾಸ್ಟಿಕ್‌ನಿಂದ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಬೇಕು.

ಗಟ್ಟಿಯಾದ ಪುಟ್ಟಿಗೆ ಆಸಿಡ್ ಹಾಕಿ ಎಂಬ ಸಲಹೆ ಕಟ್ಟಡ ಕೆಲಸದವರಿಂದ ಬರುತ್ತದೆ. ಆಸಿಡ್ ಸಿಮೆಂಟನ್ನು ಕರಗಿಸುವುದು ನಿಜ, ಆದರೆ ಟೈಲ್ಸ್ ಸಂದಿಯಲ್ಲಿರುವುದೂ ಸಿಮೆಂಟೇ. ಅಮೃತಶಿಲೆಯ ಹೊಸಿಲಿದ್ದರೆ ಅದರ ಹೊಳಪು ಒಂದೇ ಹನಿಗೆ ಹೋಗುತ್ತದೆ. ನೆಲಕ್ಕೆ ಹಾಕಿದ ಆಸಿಡ್‌ನ ಆವಿಯೇ ಹತ್ತಿರದ ಅಲ್ಯೂಮಿನಿಯಂ ಟ್ರ್ಯಾಕನ್ನೂ ಸ್ಟೀಲಿನ ಹಿಡಿಗಳನ್ನೂ ಕಪ್ಪಿಡಿಸಬಲ್ಲದು. ಆಸಿಡ್ ಇರುವ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಉಸಿರಿಗೇ ಕುತ್ತು. ಬಣ್ಣದ ಹನಿಗಂತೂ ಆಸಿಡ್‌ನಿಂದ ಏನೂ ಆಗುವುದಿಲ್ಲ.

ಥಿನ್ನರ್, ಟರ್ಪೆಂಟೈನ್, ಸ್ಪಿರಿಟ್ ಬಳಸುವ ಹೊತ್ತಿನಲ್ಲಿ ಕಿಟಕಿ ಬಾಗಿಲು ತೆರೆದಿರಬೇಕು, ದೇವರ ದೀಪವೂ ಒಲೆಯೂ ಆರಿರಬೇಕು. ಇವುಗಳ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಪಕ್ಕದ ಕೋಣೆಯ ಬೆಂಕಿಗೂ ತಲುಪಬಲ್ಲದು. ಎನಾಮೆಲ್ ಒರೆಸಿದ ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುವಾಗ ಒಳಗೇ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ಹೊರಗೆ ಬಿಡಿಬಿಡಿಯಾಗಿ ಹರಡಿ ಪೂರ್ತಿ ಒಣಗಿಸಿಯೇ ಕಸಕ್ಕೆ ಹಾಕಬೇಕು. ಹಳೆಯ ಮನೆಯ ಕಿಟಕಿಯಲ್ಲಿ ವರ್ಷಗಳ ಹಿಂದಿನ ಎನಾಮೆಲ್ ಹನಿಗಳಿದ್ದರೆ ಅವನ್ನು ಒಣಗಿದ್ದಾಗ ಕೆರೆಯಬಾರದು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಕ್ಕಳ ಉಸಿರಿಗೆ ಸೇರದಿರಲು ಒದ್ದೆ ಮಾಡಿಯೇ ಎಬ್ಬಿಸಿ, ಚೂರುಗಳನ್ನು ಬಟ್ಟೆಯಲ್ಲಿ ಬಳಿದು ತೆಗೆಯಬೇಕು.

ಕೊನೆಗೆ ಉಳಿಯುವುದು ಕಿಟಕಿಯ ಕೆಳಗಿನ ಟ್ರ್ಯಾಕ್. ಶಟರ್ ಎತ್ತಿ ತೆಗೆದು ನೋಡಿದರೆ ಅದರೊಳಗೆ ಪುಟ್ಟಿ ಧೂಳು, ಬಣ್ಣದ ಸಿಪ್ಪೆ, ಸೋಪಿನ ನೀರು ಸೇರಿ ಕೆಸರಾಗಿರುತ್ತದೆ. ಟೂತ್‌ಬ್ರಷ್‌ನಿಂದ ಸಡಿಲಿಸಿ ಬಟ್ಟೆಯಲ್ಲಿ ಹೀರಿಸಬೇಕು. ಶಟರ್‌ನ ಅಂಚಿನಲ್ಲಿರುವ ಉಣ್ಣೆಯಂಥ ಬ್ರಷ್ ಪಟ್ಟಿಗೂ ಗಾಜಿನ ಸುತ್ತಲಿನ ರಬ್ಬರ್‌ಗೂ ಥಿನ್ನರ್ ತಾಗಬಾರದು, ರಬ್ಬರ್ ಉಬ್ಬಿ ಸಂದಿಯಿಂದ ಹೊರಗೆ ಬರುತ್ತದೆ. ಟ್ರ್ಯಾಕ್‌ನ ಹೊರಮುಖದಲ್ಲಿ ಮಳೆನೀರು ಹೋಗಲು ಕೊರೆದ ಸಣ್ಣ ತೂತುಗಳಿರುತ್ತವೆ. ಅವು ಪುಟ್ಟಿಯಿಂದ ಮುಚ್ಚಿಹೋಗಿದ್ದರೆ ಬೇಸಿಗೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಮುಂಗಾರಿನ ಮೊದಲ ಜೋರು ಮಳೆಯಲ್ಲಿ ಟ್ರ್ಯಾಕ್ ತುಂಬಿ ನೀರು ಒಳಗೋಡೆಯ ಹೊಸ ಬಣ್ಣದ ಮೇಲೆ ಇಳಿಯುತ್ತದೆ. ಊದುಬತ್ತಿಯ ಕಡ್ಡಿಯಿಂದ ತೂತುಗಳನ್ನು ಬಿಡಿಸಿ ಒಂದು ಮಗ್ ನೀರು ಟ್ರ್ಯಾಕ್‌ಗೆ ಸುರಿಯಬೇಕು. ನೀರು ನಿಲ್ಲದೆ ಹೊರಗೆ ಸುರಿದರೆ ಶಟರ್ ಮತ್ತೆ ಕೂರಿಸಬಹುದು.